ಡಾರ್ವಿನ್ನನ ಕಣ್ಣು, ಅಜ್ಜನ ಕಾಗದ

ಗುಂಪು: ಕಲ್ಯಾಣಪುರ ಮನೆಯವರು

ವಾಸು ಮಾವ: (ಫಾರ್ವರ್ಡ್) "ಅಪ್ರತಿಮ ರಚನೆಗಳಿರುವ ಕಣ್ಣು ... [ದೇವರಿಲ್ಲದೆ] ನಿಸರ್ಗದ ಆಯ್ಕೆಯಿಂದಲೇ ಆಯಿತೆನ್ನುವುದು ಪರಮ ಅಸಂಬದ್ಧ." ಚಾರ್ಲ್ಸ್ ಡಾರ್ವಿನ್

ವಾಸು ಮಾವ: ನೋಡಿ, ಅವನೇ ಒಪ್ಪಿದ್ದಾನೆ. ಮಕ್ಕಳಿಗೆಲ್ಲ ತೋರಿಸಿ

ಶಾರದ ಚಿಕ್ಕಮ್ಮ: 🙏🙏 ಎಷ್ಟು ಓದಿದ್ರೂ ದೇವರ ಎದುರು ತಲೆ ಬಗ್ಗಿಸ್ಲೇಬೇಕು

ಅಕ್ಷತಾ: ಮಾವ, ಯಾವ ಪುಸ್ತಕ, ಎಲ್ಲಿ ಉಂಟು ಇದು?

ವಾಸು ಮಾವ: ನಿಂಗೆ ಎಲ್ಲದಕ್ಕೂ ಪುರಾವೆ ಬೇಕು. ಸಣ್ಣದಿರುವಾಗ್ಲೂ ಹಾಗೇ

ಅಕ್ಷತಾ: ಹುಡುಕಿದೆ ಮಾವ. 1859ರ 'ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್', ಆರನೇ ಅಧ್ಯಾಯ. ಆ ಮೂರು ಚುಕ್ಕೆ ಇರುವಲ್ಲಿ ಇದ್ದದ್ದು ದೂರ ಹತ್ತಿರಕ್ಕೆ ಫೋಕಸ್ ಮಾಡೋದು, ಬೆಳಕು ಹೆಚ್ಚು ಕಮ್ಮಿ ಒಳಗೆ ಬಿಡೋದು, ಹೀಗೆ ಕಣ್ಣಿನ ಕೆಲಸಗಳ ಪಟ್ಟಿ. ಅದನ್ನು ಬಿಟ್ರೆ ಅರ್ಥ ಎಂಥ ಬದಲಾಗುದಿಲ್ಲ, ಆ ಚುಕ್ಕೆ ಸರಿಯೇ ಉಂಟು. ಮೋಸ ಆದದ್ದು ಚುಕ್ಕೆ ಹಾಕದ ಕಡೆ. ಅವರು ಬರೆದದ್ದು ಅಸಂಬದ್ಧ "ಅನಿಸುತ್ತದೆ, ಒಪ್ಪುತ್ತೇನೆ" ಅಂತ, ಆ "ಅನಿಸುತ್ತದೆ" ಮಾಯ. ಮತ್ತೆ ಅಲ್ಲಿಗೇ ಫುಲ್‌ಸ್ಟಾಪ್, ಆದ್ರೆ ಮುಂದಿನ ವಾಕ್ಯ ಶುರುವಾಗೋದೇ "ಆದರೂ" ಅಂತ! ಸಾದಾ ಕಣ್ಣಿಂದ ಈಗಿನ ಕಣ್ಣಿನವರೆಗೆ ಹಂತ ಹಂತವಾಗಿ ಬಂದದ್ದು, ಪ್ರತಿ ಹಂತವೂ ಆ ಪ್ರಾಣಿಗೆ ಉಪಯೋಗಕ್ಕೆ ಬಂದದ್ದು ತೋರಿಸ್ಲಿಕ್ಕೆ ಆದ್ರೆ, ಊಹಿಸ್ಲಿಕ್ಕೆ ಕಷ್ಟ ಆದ್ರೂ ಅದು ನಿಜವಾದ ಅಡ್ಡಿ ಅಲ್ಲ ಅಂತ ಹೇಳ್ತಾರೆ

ಅಕ್ಷತಾ: ಮತ್ತೆ [ದೇವರಿಲ್ಲದೆ] ಅನ್ನೋದು ಆ ವಾಕ್ಯದಲ್ಲೇ ಇಲ್ಲ. ಚೌಕ ಬ್ರಾಕೆಟ್ ಇರೋದು "ಅದು" ಅಂತ ಇದ್ದಲ್ಲಿ ಯಾವುದು ಅಂತ ತಿಳಿಸ್ಲಿಕ್ಕೆ, ನಮ್ಮ ವಾದ ಅವರ ಬಾಯಿಗೆ ತುರುಕ್ಲಿಕ್ಕೆ ಅಲ್ಲ

ಪ್ರಸಾದಣ್ಣ: ಅಜ್ಜನ ಇನ್‌ಲ್ಯಾಂಡ್ ಲೆಟರ್ ನೆನಪಾಯ್ತು ಮಾರ್ರೆ. ಜಾಗ ಸಾಲದೆ ಮಡಚುವ ಅಂಚಲ್ಲೂ ಅಡ್ಡಡ್ಡ ಬರೀತಿದ್ರು, ಹಲಸಿನ ಹಪ್ಪಳ ತಿಂದ ಎಣ್ಣೆ ಕೈ ಬೇರೆ

ಶಾರದ ಚಿಕ್ಕಮ್ಮ: ಕಾಗದದ ಮಾತು ಬಂತಲ್ಲ, ಹೇಳ್ತೇನೆ. ವಾಸಣ್ಣ, ಅವತ್ತು ಚಾವಡಿಯಲ್ಲಿ ಎಲ್ಲರೆದುರು ನೀವು ಓದಿದ್ದು "ಕೆಳಗಿನ ತೋಟ ವಾಸು ನೋಡಿಕೊಳ್ಳಲಿ" ಅಂತ. ಅಪ್ಪ ಬರೆದದ್ದು "ಕೆಳಗಿನ ತೋಟ ಶಾರದೆಯ ಮದುವೆ ಸಾಲ ತೀರುವವರೆಗೆ ವಾಸು ನೋಡಿಕೊಳ್ಳಲಿ"

ವಾಸು ಮಾವ: ಅದಕ್ಕೂ ಇದಕ್ಕೂ ಎಂಥ ಸಂಬಂಧ

ಅಕ್ಷತಾ: ಅದೇ ಉಂಟಲ್ಲ ಮಾವ ಸಂಬಂಧ. "ವರೆಗೆ" ಅಂದ್ರೆ ಷರತ್ತು. ಅಲ್ಲಿ ಮೂರು ಚುಕ್ಕೆ ಹಾಕಿದ್ರೂ ತಪ್ಪೇ, ಕೇಳಿದವರಿಗೆ ತೋಟ ಶಾಶ್ವತ ಅಂತ ಆಗ್ತದೆ. ಬಿಟ್ಟದ್ದನ್ನು ವಾಪಸ್ ಸೇರಿಸಿ ಓದಿ, ಅಜ್ಜ ಅದಕ್ಕೆ ಹೂಂ ಅಂತಿದ್ರಾ ಹೇಳಿ

ಪ್ರಸಾದಣ್ಣ: ಆ ತೋಟದ ಗೇರುಹಣ್ಣು ಆಹಾ

ಶಾರದ ಚಿಕ್ಕಮ್ಮ: ಸಾಲ ತೀರಿ ಹನ್ನೊಂದು ವರ್ಷ ಆಯ್ತು ಪ್ರಸಾದ

(ವಾಸು ಮಾವ ಸಂದೇಶ ಅಳಿಸಿದ್ದಾರೆ)

ವಾಸು ಮಾವ: ಫಾರ್ವರ್ಡ್ ತೆಗೆದಿದ್ದೇನೆ. ಕಾಗದ ಈಗ ಯಾರತ್ರ ಉಂಟು?

ಶಾರದ ಚಿಕ್ಕಮ್ಮ: ನನ್ನ ಟ್ರಂಕಲ್ಲಿ. ನಾಳೆ ಫೋಟೋ ಹಾಕ್ತೇನೆ, ಮಡಚಿದ ಅಂಚೂ ಸೇರಿಸಿ