ಸಿಂಕ್ ಕೆಳಗಿನ ಬಾಗಿಲು ಉಬ್ಬಿದೆ: ಪ್ಲೈವುಡ್ಡಾ, ಎಂಡಿಎಫ್ಫಾ?

ರೇಖಾ: ಸರ್, ಸಿಂಕ್ ಕೆಳಗಿನ ಬಾಗಿಲಿನ ಮೇಲಂಚು ಉಬ್ಬಿದೆ, ಮುಚ್ಚುವಾಗ ಉಜ್ಜುತ್ತೆ. ಪ್ಲೈವುಡ್ ಅಂತ ಹೇಳಿ ಎಂಡಿಎಫ್ ಹಾಕಿದ್ದಾರಾ? ಪೈಪ್ ಎಲ್ಲೂ ಸೋರುತ್ತಿಲ್ಲ.

ಮಂಜುನಾಥ (ಕಿಚನ್ ಕ್ಯಾಬಿನೆಟ್ ಕೆಲಸ): ಒಂದು ಹಿಂಜ್ ಬಿಚ್ಚಿ ನೋಡಿ ಮೇಡಂ. ಒಂದೇ ಸಾಕು, ಎಲ್ಲ ಬಿಚ್ಚಿದರೆ ಬಾಗಿಲು ಕಾಲ ಮೇಲೆ ಬೀಳುತ್ತೆ. ಹಿಂಜ್ ಕೂತಿದ್ದ 35 ಮಿ.ಮೀ. ಗುಳಿಯ ಒಳಗೆ ಪದರಗಳು ಕಂಡರೆ ಪ್ಲೈ. ಒತ್ತಿದ ಹಿಟ್ಟಿನ ಹಾಗೆ ಒಂದೇ ಸಮ ಇದ್ದರೆ ಎಂಡಿಎಫ್.

ಆದರೆ ನನಗೆ ತಲೆ ಕೆಡಿಸಿದ್ದು ನೀವು ಹೇಳಿದ ಮೇಲಂಚು. ಪೈಪ್ ಸೋರಿದ್ದರೆ ಮೊದಲು ತಳದ ಹಲಗೆ ಹಾಳಾಗುತ್ತಿತ್ತು. ನೆಲ ತೊಳೆದ ನೀರಾಗಿದ್ದರೆ ಪಕ್ಕದ ಹಲಗೆಯ ಬುಡ ಉಬ್ಬುತ್ತಿತ್ತು. ನಿಮ್ಮಲ್ಲಿ ನೀರು ಮೇಲಿನಿಂದ ಬರುತ್ತಿದೆ. ಪಾತ್ರೆ ತೊಳೆಯುವಾಗ ಕಲ್ಲಿನ ಮುಂದಿನ ಅಂಚಿಂದ ಇಳಿದ ನೀರು ನೇರ ನೆಲಕ್ಕೆ ಬೀಳೋದಿಲ್ಲ. ಕಲ್ಲಿನ ಅಡಿಗೆ ಅಂಟಿಕೊಂಡೇ ಒಳಕ್ಕೆ ಹರಿದು ಬಾಗಿಲಿನ ತಲೆ ಮೇಲೆ ತೊಟ್ಟಿಕ್ಕುತ್ತೆ.

ಬಾಗಿಲಿನ ಮೇಲಂಚಿಗೆ ಟಿಶ್ಯೂ ಪೇಪರ್ ಅಂಟಿಸಿ, ಕಲ್ಲಿನ ಅಂಚಿಂದ ಒಂದು ಲೋಟ ನೀರು ನಿಧಾನ ಇಳಿಬಿಡಿ. ಆಮೇಲೆ ಮೇಲಂಚಿನ ಉದ್ದಕ್ಕೂ ಬೆರಳಾಡಿಸಿ. ನಯವಾಗಿದ್ದರೆ ಅಂಚುಪಟ್ಟಿ ಇದೆ. ಒರಟಾಗಿದ್ದರೆ ಕಣ್ಣಿಗೆ ಕಾಣಲ್ಲ ಅಂತ ಪಟ್ಟಿ ಹಚ್ಚದೆ ಬಿಟ್ಟಿದ್ದಾರೆ.

ಶಿವು: ಇದಕ್ಕೆಲ್ಲ ಒಂದೇ ಉತ್ತರ, ಮೆರೈನ್ ಪ್ಲೈ. ನೀರಲ್ಲಿ ಮುಳುಗಿಸಿಟ್ಟರೂ ಏನೂ ಆಗಲ್ಲ.

ಮಂಜುನಾಥ: ಅರ್ಧ ಸರಿ. ಅದರ ಅಂಟು ನೀರಿಗೆ ಬಿಡಲ್ಲ, ಅಷ್ಟೇ. ಮರ ಮರವೇ. ದಿನಾ ಒದ್ದೆಯಾದರೆ ಪದರ ಗಟ್ಟಿ ಇದ್ದರೂ ಬೂಸ್ಟು ಹಿಡಿದು ಮರ ಕೊಳೆಯುತ್ತೆ.

ನಾಗರತ್ನ: ಬೇರೆ ಗ್ರೂಪಲ್ಲಿ ಬಂದಿದ್ದು: ಉಬ್ಬಿದ ಕಡೆ ಹೇರ್ ಡ್ರೈಯರ್ ಹಿಡಿದು, ಮೇಲೆ ಮೇಣದಬತ್ತಿ ತಿಕ್ಕಿದರೆ ಮೊದಲಿನಂತೆ ಆಗುತ್ತಂತೆ 🙏

ಮಂಜುನಾಥ: ಆಗಲ್ಲ. ಎಂಡಿಎಫ್ ಅಂದರೆ ಬಿಸಿಯಲ್ಲಿ ಒತ್ತಿ ಕೂರಿಸಿದ ನಾರು. ನೀರು ಕುಡಿದು ಒಮ್ಮೆ ಬಿಚ್ಚಿಕೊಂಡರೆ, ಒಣಗಿದರೂ ಹಳೇ ದಪ್ಪಕ್ಕೆ ಬರಲ್ಲ. ಡ್ರೈಯರ್ ಬಿಸಿಗೆ ಅಂಚುಪಟ್ಟಿಯ ಅಂಟು ಸಡಿಲವಾಗುತ್ತೆ. ಮೇಣ ಹಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತೆ, ಆಮೇಲೆ ಬಣ್ಣವೂ ಹಿಡಿಯಲ್ಲ, ಪಟ್ಟಿಯೂ ಕೂರಲ್ಲ. ದಯವಿಟ್ಟು ಇಂಥವನ್ನು ಇಲ್ಲಿ ಹಾಕಬೇಡಿ.

ಫಾತಿಮಾ: ಪ್ಲೈ ಒಳ್ಳೇದಾ, ಎಂಡಿಎಫ್ ಒಳ್ಳೇದಾ ಸರ್?

ಮಂಜುನಾಥ: ಸಿಂಕ್ ಡಬ್ಬಕ್ಕೆ ಪ್ಲೈ. ಬಣ್ಣ ಹೊಡೆಯುವ ಬಾಗಿಲಿಗೆ ಎಂಡಿಎಫ್ ನಡೆಯುತ್ತೆ.

ಶಿವು: ಬಾಗಿಲಿಗೂ ಎಂಡಿಎಫ್ ಬೇಡ. ನೀವೇ ಹೀಗೆ ಹೇಳಿದರೆ ಹೇಗೆ?

ದಿನೇಶ್: ಶಿವು ಅವರೇ, ನಮ್ಮನೇಲಿ ಎತ್ತರದ ಬಾಗಿಲೆಲ್ಲ ಪ್ಲೈ. ಎರಡು ಸೊಟ್ಟಗಾಗಿ ಮುಚ್ಚೋಕೇ ಆಗ್ತಿಲ್ಲ. ಎಂಡಿಎಫ್ ಬಾಗಿಲು ನೆಟ್ಟಗೇ ಇವೆ.

ಶಿವು: ಅಗ್ಗದ ಪ್ಲೈ ತಂದಿರ್ತೀರಿ.

ದಿನೇಶ್: ನೋಡದೇ ಹೇಳ್ತೀರಲ್ಲ, ಭಲೇ.

ಲೋಕೇಶ್: ಹಸಿರು ಬಣ್ಣದ ಎಂಡಿಎಫ್ ಹಾಕಿದರೆ ನೀರಿನ ಚಿಂತೆ ಇಲ್ಲ ಅಂತಾರೆ, ನಿಜಾನಾ? ಡಿಶ್‌ವಾಷರ್ ಪಕ್ಕ ಹಾಕಬಹುದಾ?

ಮಂಜುನಾಥ: ಹಸಿರು ಬರೀ ಗುರುತಿನ ಬಣ್ಣ. ತೇವ ತಡೆಯೋದು ಒಳಗಿನ ರಾಳ. ಉಬ್ಬೋದು ಕಮ್ಮಿ ಆಗುತ್ತೆ, ನಿಲ್ಲಲ್ಲ.

ರೇಖಾ: ಹಿಂಜ್ ಬಿಚ್ಚಿದೆ ಸರ್. ಬಾಗಿಲು ಎಂಡಿಎಫ್ಫೇ, ಒಳಗಿನ ಡಬ್ಬ ಪ್ಲೈ. ಟಿಶ್ಯೂ ಪೂರ್ತಿ ಒದ್ದೆ! ಮೇಲಂಚು ಒರಟಾಗಿದೆ, ಉಗುರಲ್ಲಿ ಕೆರೆದರೆ ಪುಡಿ ಬರುತ್ತೆ.

ಮಂಜುನಾಥ: ಹಾಗಾದರೆ ಡಬ್ಬ ಮುಟ್ಟಬೇಡಿ, ಬಾಗಿಲು ಮಾತ್ರ ಬದಲಿಸಿ. ಆದರೆ ಮೊದಲು ನೀರಿನ ದಾರಿ ಕಟ್ಟಿ, ಇಲ್ಲದಿದ್ದರೆ ಹೊಸದೂ ಇದೇ ಗತಿ. ಕಲ್ಲು ಕೂರಿಸುವಾಗಲೇ ಅದರ ಅಡಿಯಲ್ಲಿ, ಮುಂದಿನ ಅಂಚಿಂದ ಬೆರಳಗಲ ಹಿಂದೆ, ಉದ್ದಕ್ಕೂ ಒಂದು ಗೀರು ಕೊರೆಯಬೇಕಿತ್ತು. ನೀರು ಆ ಗೀರು ದಾಟಲಾಗದೆ ಅಲ್ಲೇ ಹನಿಯಾಗಿ ಬೀಳುತ್ತೆ. ಈಗ ಕೊರೆಯೋಕೆ ಹೋದರೆ ಕಲ್ಲು ಬಿರುಕು ಬಿಡಬಹುದು. ಬದಲಿಗೆ ಅದೇ ಜಾಗವನ್ನು ಒರೆಸಿ, ಚೆನ್ನಾಗಿ ಒಣಗಿಸಿ, ಸಿಲಿಕೋನ್‌ನ ಸಣ್ಣ ಏಣು ಎಳೆಸಿ. ಅದು ಬಾಗಿಲಿಗಿಂತ ಮುಂದೆ ಇರಬೇಕು. ಒಂದು ದಿನ ಒಣಗಲು ಬಿಟ್ಟು ಮತ್ತೆ ಟಿಶ್ಯೂ ಅಂಟಿಸಿ ನೋಡಿ.

ಹೊಸ ಬಾಗಿಲಿಗೆ ನಾಲ್ಕೂ ಅಂಚಿಗೆ ಪಟ್ಟಿ ಇರಲಿ. ಹಾಕುವ ಮುಂಚೆ ನೀವೇ ಬೆರಳಾಡಿಸಿ ನೋಡಿ.

ರೇಖಾ: ಪ್ಲೈ ಅಂತ ದುಡ್ಡು ತಗೊಂಡಿದ್ದಾರಲ್ಲ, ಅದಕ್ಕೇನು ಮಾಡಲಿ?

ಮಂಜುನಾಥ: ಬಿಲ್ಲಲ್ಲಿ ಬಾಗಿಲಿಗೆ ಏನು ಬರೆದಿದೆ ನೋಡಿ. ಬರೀ 'ಪ್ಲೈ ಕಿಚನ್' ಅಂತಿದ್ದರೆ, ಡಬ್ಬ ಪ್ಲೈ ಇದೆಯಲ್ಲ ಅಂತ ವಾದಿಸುತ್ತಾರೆ.

ಸುಮಾ: ಸಿಂಕ್ ಕೆಳಗೆ ಅಲ್ಯೂಮಿನಿಯಂ ಹಾಳೆ ಹಾಸಿದರೆ ಸಾಕಾ ಸರ್? ಅಡಿಯಲ್ಲಿ ಬೂಸ್ಟು ಬರಲ್ವಾ?

ನಾಗರತ್ನ: ಸಿಂಕ್ ಕೆಳಗೆ ಬಟ್ಟಲಲ್ಲಿ ಕಲ್ಲುಪ್ಪು ಇಟ್ಟರೆ ತೇವ ಎಲ್ಲ ಎಳೆಯುತ್ತಂತೆ…

ಮಂಜುನಾಥ: ಮೇಲಿಂದ ನೀರು ಸುರಿಯುತ್ತಿದೆ ಅಮ್ಮ. ಉಪ್ಪು ಏನು ಮಾಡುತ್ತೆ?

ಶಿವು: ಅದಕ್ಕೇ ಮೆರೈನ್ ಪ್ಲೈ ಅಂದಿದ್ದು.

ದಿನೇಶ್: ಶುರುವಾಯ್ತು.

ಫಾತಿಮಾ: ಹಾಗಾದ್ರೆ ನಾನು ಯಾವುದು ಹಾಕಿಸಲಿ ಸರ್?

ಮಂಜುನಾಥ: ಮೇಲೆ ಓದಿ.