ಅಪ್‌ಡೇಟ್: ಬೆಡ್‌ರೂಮಿನಲ್ಲಿ ವ್ಯಾಯಾಮದ ಮೂಲೆ

ನನ್ನ ಪ್ರಶ್ನೆ ಹೀಗಿತ್ತು: "10x11 ಅಡಿ ರೂಮು. ಕ್ವೀನ್ ಮಂಚ, ವಾರ್ಡ್‌ರೋಬ್ ಇವೆ. ಮ್ಯಾಟು, ಡಂಬೆಲ್ಸ್ ಎಲ್ಲಿಡೋದು? ಗೋಡೆಗೆ ಶೆಲ್ಫ್ ಹೊಡೆಸಬಹುದಾ?"

ಮಂಚವನ್ನು ಒಂದು ಗೋಡೆಗೆ ಪೂರ್ತಿ ಒತ್ತರಿಸಿದ ಮೇಲೆ ಪಕ್ಕದಲ್ಲಿ 5 ಅಡಿ ಅಗಲ ಸಿಕ್ಕಿದೆ. ಉದ್ದ 9 ಅಡಿ, ಆದರೆ ವಾರ್ಡ್‌ರೋಬ್ ಬಾಗಿಲು ತೆರೆಯಲು ಒಂದೂವರೆ ಅಡಿ ಬಿಡಲೇಬೇಕು. 6x2 ಅಡಿ ಮ್ಯಾಟಿಗೆ ಧಾರಾಳ. ಕೈ ಪೂರ್ತಿ ಚಾಚುವ ವ್ಯಾಯಾಮಕ್ಕೆ ಮಾತ್ರ ಕೈಗಳು ಉದ್ದದ ದಿಕ್ಕಿಗೆ ಬರುವಂತೆ ತಿರುಗಿ ನಿಲ್ಲಬೇಕು.

ಶೆಲ್ಫ್ ಕೈಬಿಟ್ಟಾಯ್ತು. ನಮ್ಮದು ಹಾಲೋ ಬ್ಲಾಕ್ ಗೋಡೆ, ಬ್ಲಾಕ್ ಒಳಗೆ ಟೊಳ್ಳು. ಸ್ಕ್ರೂಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಹಿಡಿದುಕೊಳ್ಳೋದು ಹೊರಗಿನ ತೆಳು ಪದರವನ್ನಷ್ಟೇ. 2.5, 5, 7.5 ಕೆಜಿ ಜೋಡಿಗಳೆಂದರೆ ಒಟ್ಟು 30 ಕೆಜಿ. ಆ ಭಾರ ಹಲಗೆಯ ಮುಂದಿನ ಅಂಚಿಗೆ ಬಿದ್ದಾಗ ಮೇಲಿನ ಸ್ಕ್ರೂ ಹೊರಗೆ ಎಳೆದುಕೊಳ್ಳುತ್ತೆ. ಈಗಾಗಲೇ ಶೆಲ್ಫ್ ಹೊಡೆಸಿದ್ದರೆ, ಸ್ಕ್ರೂ ಸುತ್ತ ಪೇಂಟ್ ಬಿರುಕು, ಕೆಳಗೆ ಬಿಳಿ ಪುಡಿ ಕಂಡರೆ ಭಾರ ಇಳಿಸಿಬಿಡಿ.

ಹಾಗಾಗಿ ಡಂಬೆಲ್ಸ್‌ಗೆ ನೆಲದ ಮೇಲೆ ಕೂರುವ ತಗ್ಗು ಕಬ್ಬಿಣದ ಸ್ಟ್ಯಾಂಡು, ಕಾಲಿಗೆ ರಬ್ಬರ್ ಬುಷ್. ಅತಿ ಭಾರದ ಜೋಡಿ ಕೆಳಗಿನ ಸಾಲಿಗೆ. ಎಳೆದು ವ್ಯಾಯಾಮ ಮಾಡುವ ರಬ್ಬರ್ ಬ್ಯಾಂಡು ಬಾಗಿಲ ಹಿಂದಿನ ಕೊಕ್ಕೆಗೆ, ಕಿಟಕಿ ಬಿಸಿಲಿಗೆ ಬೇಡ, ರಬ್ಬರ್ ಸೀಳುತ್ತೆ. ಮ್ಯಾಟನ್ನು ಬೆವರು ಆರಿದ ಮೇಲೇ ಸುತ್ತಿಡಬೇಕು, ಮಳೆಗಾಲದಲ್ಲಂತೂ ಒಳಗೇ ಬೂಷ್ಟು ಹಿಡಿಯುತ್ತೆ.