1.8 ಕೆ.ಜಿ. ಪಾರ್ಸಲ್‌ಗೆ 12 ಕೆ.ಜಿ. ಬಿಲ್ ಯಾಕೆ?

ಗೀತಾ, ಶಿಡ್ಲಘಟ್ಟ: ಅಣ್ಣಾ, ರೇಷ್ಮೆಗೂಡಿನ ಹಾರ, ಹೂಗುಚ್ಛ ಕಳಿಸಿದೆ. ತೂಗಿದರೆ 1.8 ಕೆ.ಜಿ. ಬಿಲ್ಲಿನಲ್ಲಿ 12 ಕೆ.ಜಿ. ಅಂತಿದೆ. ಅವರ ತಕ್ಕಡಿ ಕೆಟ್ಟಿದೆಯಾ?

ಮಂಜುನಾಥ್ (ಕೊರಿಯರ್ ಬುಕಿಂಗ್, ಚಿಕ್ಕಬಳ್ಳಾಪುರ): ಬಾಕ್ಸಿನ ಅಳತೆ ಹೇಳಮ್ಮ.

ಗೀತಾ: 50, 40, 30 ಸೆಂ.ಮೀ.

ಮಂಜುನಾಥ್: ತಕ್ಕಡಿ ಸರಿಯಾಗೇ ಇದೆ. ಮೂರನ್ನೂ ಗುಣಿಸಿದರೆ 60,000. ಅದನ್ನು 5000ದಿಂದ ಭಾಗಿಸಿದರೆ 12. ಇದು ಅಳತೆಯ ತೂಕ. ಗೂಡು ತುಂಬಿದ ಗಾಡಿ ಭಾರಕ್ಕೆ ಮುಂಚೆ ಜಾಗಕ್ಕೇ ಭರ್ತಿಯಾಗುತ್ತದೆ. ಅದಕ್ಕೇ ತಕ್ಕಡಿ ತೂಕ, ಅಳತೆಯ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದರ ಹಾಕುತ್ತಾರೆ. ಕೆಲವರು 4000ದಿಂದ ಭಾಗಿಸುತ್ತಾರೆ. ಅವರಲ್ಲಿ ಇದೇ ಬಾಕ್ಸ್ 15 ಕೆ.ಜಿ. ಆಗುತ್ತದೆ. ಬುಕ್ ಮಾಡುವ ಮೊದಲೇ ಕೇಳಿ.

ರವಿ, ಕೋಲಾರ: ಎರಡು ಬಾಕ್ಸ್ ಮಾಡಿ ಕಳಿಸಿ ಅಕ್ಕಾ, ಅರ್ಧ ದುಡ್ಡು ಉಳಿಯುತ್ತೆ. ಗ್ರೂಪಲ್ಲಿ ಬಂದಿತ್ತು.

ಮಂಜುನಾಥ್: ಉಳಿಯಲ್ಲ. 25, 40, 30ರ ಎರಡು ಬಾಕ್ಸಿಗೆ 6 ಮತ್ತು 6, ಒಟ್ಟು ಅದೇ 12. ಮೊದಲ ಕೆ.ಜಿ.ಯ ದುಬಾರಿ ದರ ಎರಡು ಸಲ ಬೀಳುತ್ತದೆ.

ಸಲ್ಮಾ, ತುಮಕೂರು: ನಾನು ದಿಂಬುಗಳ ಗಾಳಿ ತೆಗೆದು ಕಳಿಸ್ತೀನಿ. ಕಾಲು ಭಾಗ ಆಗುತ್ತೆ.

ರವಿ: ಗೂಡಿಗೆ ಹಾಗೆ ಮಾಡಿದ್ರೆ ನಜ್ಜುಗುಜ್ಜಾಗುತ್ತೆ ಅಲ್ವಾ?

ಸಲ್ಮಾ: ದಿಂಬಿನ ಬಗ್ಗೆ ಹೇಳಿದ್ದು ನಾನು. ಪೂರ್ತಿ ಓದಿ.



ಮಂಜುನಾಥ್: ಗೀತಾ, ಒಳಗೆ ಎಷ್ಟು ಜಾಗ ಖಾಲಿ ಇತ್ತು?

ಗೀತಾ: ಅರ್ಧಕ್ಕಿಂತ ಜಾಸ್ತಿ. ಪೇಪರ್ ತುರುಕಿದ್ದೆ.

ಮಂಜುನಾಥ್: ಅಲ್ಲೇ ಹೋಯಿತು ದುಡ್ಡು. ಹಾರಗಳನ್ನು ಸುರುಳಿ ಸುತ್ತಿ, ಗುಚ್ಛಗಳನ್ನು ತಲೆ-ಬುಡ ತಿರುಗಿಸಿ ಜೋಡಿಸಿ ನೋಡಿ. 40, 30, 20ರ ಬಾಕ್ಸಿಗೆ ಹಿಡಿದರೆ 24,000, ಅಂದರೆ 4.8. ಅರ್ಧ ಕೆ.ಜಿ. ಲೆಕ್ಕದಲ್ಲಿ ಮೇಲಕ್ಕೇರಿಸಿ 5 ಹಾಕುತ್ತಾರೆ.

ಆದರೆ ಜಾಸ್ತಿ ತುಂಬಿ ಬಾಕ್ಸ್ ಉಬ್ಬಿಸಬೇಡಿ. ಪಾರ್ಸಲ್ ವಿಂಗಡಿಸುವ ಹಬ್‌ನ ಯಂತ್ರ ಅಳೆಯುವುದು ಹೊರಗೆ ಚಾಚಿದ ತುದಿಯನ್ನು. ಮೂರೂ ಅಳತೆ 2 ಸೆಂ.ಮೀ. ಹೆಚ್ಚಾದರೆ 42, 32, 22. ಅದು 5.91, ಬಿಲ್ 6ಕ್ಕೆ. ಉಬ್ಬಿಗೇ ಒಂದು ಕೆ.ಜಿ. ಟೇಪ್ ಹಾಕಿ ಮುಗಿಸಿದ ಮೇಲೆ, ಉಬ್ಬಿದ ಜಾಗದಲ್ಲೇ ಅಳೆದು ಫೋಟೊ ಇಟ್ಟುಕೊಳ್ಳಿ. ಹಬ್‌ನಲ್ಲಿ ತಪ್ಪಾಗಿ ಅಳೆದರೆ ತಕರಾರಿಗೆ ಅದೇ ಆಧಾರ.

ರವಿ: ಫಾರಂನಲ್ಲಿ ಅಳತೆ ಕಡಿಮೆ ಬರೆದ್ರೆ? ಯೂಟ್ಯೂಬಲ್ಲಿ ಹೇಳಿದ್ರು.

ಮಂಜುನಾಥ್: ರವಿ, ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಹಬ್‌ನಲ್ಲಿ ಮತ್ತೆ ಅಳೆಯುತ್ತಾರೆ. ವ್ಯತ್ಯಾಸದ ದುಡ್ಡು ಆಮೇಲೆ ಕಟ್ ಆಗುತ್ತದೆ, ಅಷ್ಟರಲ್ಲಿ ಗಿರಾಕಿಗೆ ನೀವು ಹಳೇ ದರ ಹೇಳಿರುತ್ತೀರಿ.

ರವಿ: ಕೇಳಿದ್ದೇ ತಪ್ಪಾ?

ಸಲ್ಮಾ: ಸುಮ್ನೆ ಫಾರ್ವರ್ಡ್ ಮಾಡೋದು ತಪ್ಪು.

ಶಿವು: 5 ಕೆ.ಜಿ. ರಾಗಿ ಹಿಟ್ಟಿಗೂ ಹೀಗೇನಾ?

ಮಂಜುನಾಥ್: ಇಲ್ಲ. ಅದರ ತಕ್ಕಡಿ ತೂಕವೇ ಜಾಸ್ತಿ.

ಹೇಮಾ: ನನ್ನದು ಹಗುರ ಬಾಕ್ಸ್, ಬಿಲ್ ಯಾಕೆ ಜಾಸ್ತಿ?

ಮಂಜುನಾಥ್: ಮೇಲೆ ಓದಿ.

ಗೀತಾ: 40, 30, 20ರಲ್ಲಿ ಹಿಡೀತು ಅಣ್ಣಾ. ಒಂದು ಗುಚ್ಛ ಮಾತ್ರ ಹೊರಗುಳಿಯಿತು.